ಸೊನ್ನೆ ಸೋರಿದ್ದು ಎಲ್ಲಿ?

"ಸರ್, ಪುಟ ಒಂದೇ, ಲೆಕ್ಕ ಮಾತ್ರ ಎರಡು ಬರ್ತಿದೆ. ಯಾವುದು ಸರಿ?" ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಬಿಡಿಸುವ ಕೆಲಸ ನನ್ನದು. ಅದರಲ್ಲಿ ಒಂದಕ್ಕೊಂದು ಕೂಡಿಕೊಂಡ ಮಸಿಯ ತುಂಡುಗಳು ಪುಟದಲ್ಲಿ ಎಷ್ಟಿವೆ ಅಂತ ಎಣಿಸಬೇಕಾಗುತ್ತದೆ. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಎರಡೂ ಸರಿ ಇರಬಹುದು. ಚಿತ್ರದ ಒಂದೊಂದು ಚುಕ್ಕಿಯನ್ನೂ ಒಂದು ಮನೆ ಅಂದುಕೊಂಡರೆ, ನೀವು ಯಾವ ಮನೆಯನ್ನು ನೆರೆಮನೆ ಅಂತ ಒಪ್ಪಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಒಂದು ಚಿಕ್ಕ ಚಿತ್ರ ನೋಡೋಣ. 1 ಅಂದರೆ ಮಸಿ, 0 ಅಂದರೆ ಕಾಗದ.

```
1 1 0 0 0 1
1 0 0 0 1 0
0 0 1 0 0 0
0 1 0 1 0 0
0 0 1 0 0 0
```

ಗೋಡೆ ಹಂಚಿಕೊಂಡ ಮನೆ ಮಾತ್ರ ನೆರೆ ಅಂದರೆ ನಾಲ್ಕು ದಿಕ್ಕಿನ ಲೆಕ್ಕ. ಮೂಲೆ ತಾಗಿದರೂ ನೆರೆ ಅಂದರೆ ಎಂಟು ದಿಕ್ಕಿನದು. ನಾಲ್ಕರಲ್ಲಿ ಎಡ ಮೇಲ್ಮೂಲೆಯ ಮೂರು ಮನೆ ಸೇರಿ ಒಂದು ತುಂಡು, ಉಳಿದ ಆರೂ ಒಂಟಿ. ಒಟ್ಟು 7. ಎಂಟರಲ್ಲಿ ಬಲ ಮೇಲ್ಮೂಲೆಯ ಎರಡು ಸೇರಿಕೊಳ್ಳುತ್ತವೆ, ಕೆಳಗಿನ ನಾಲ್ಕು ಸೇರಿ ಪುಟ್ಟ ಸೊನ್ನೆಯಾಗುತ್ತದೆ. ಒಟ್ಟು 3.

ಪೈಥಾನ್‌ನಲ್ಲಿ `scipy.ndimage.label` ಏನೂ ಹೇಳದೆ ಕರೆದರೆ 7 ಕೊಡುತ್ತದೆ. `cv2.connectedComponents` ಏನೂ ಹೇಳದೆ ಕರೆದರೆ ಎಂಟು ದಿಕ್ಕು ಹಿಡಿಯುತ್ತದೆ, ಜೊತೆಗೆ ಕಾಗದವನ್ನೂ ಒಂದು ಲೇಬಲ್ ಅಂತ ಎಣಿಸಿ 4 ಕೊಡುತ್ತದೆ. ಫೋನ್ ಮಾಡುವವರಲ್ಲಿ ಹೆಚ್ಚಿನವರ ಜಗಳ ಇಲ್ಲಿಗೇ ಮುಗಿಯುತ್ತದೆ.

ಕೋಡ್ ತಾವೇ ಬರೆದವರಿಗೆ ಕೆಲವೊಮ್ಮೆ 5 ಬರುತ್ತದೆ. ಸಾಲು ಸಾಲಾಗಿ ಎಡದಿಂದ ಬಲಕ್ಕೆ ಹೋಗುವಾಗ ಪ್ರತಿ ಮಸಿ ಮನೆಯೂ ಆಗಲೇ ಲೇಬಲ್ ಸಿಕ್ಕ ನಾಲ್ಕು ನೆರೆಗಳನ್ನು ಕೇಳಬೇಕು: ಎಡ, ಎಡಮೇಲೆ, ಮೇಲೆ, ಬಲಮೇಲೆ. ಆ ಬಲಮೇಲಿನದನ್ನು ಮರೆಯುತ್ತಾರೆ. ಆಗ 2ನೇ ಸಾಲಿನ 5ನೇ ಮನೆಗೆ ತನ್ನ ಜೋಡಿ ಕಾಣುವುದಿಲ್ಲ, ಸೊನ್ನೆಯೂ ಎರಡು ಹೋಳಾಗುತ್ತದೆ. ಅನುಮಾನ ಬಂದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಎಣಿಸಿ. ಅದೇ ಕೋಡ್ ಈಗ 4 ಅನ್ನುತ್ತದೆ. ತಿರುಗಿಸಿದ ಮಾತ್ರಕ್ಕೆ ತುಂಡುಗಳ ಲೆಕ್ಕ ಬದಲಾಗಬಾರದು, ಅಲ್ವಾ?

ಆದರೆ ನನಗೆ ನಿಜವಾಗಿ ತಲೆನೋವು ತರುವುದು ಇದ್ಯಾವುದೂ ಅಲ್ಲ. ಮಸಿಗೆ ಒಂದು ನಿಯಮ ಆರಿಸುವವರು ಕಾಗದಕ್ಕೂ ಅದನ್ನೇ ಹಾಕುತ್ತಾರೆ. ಎಷ್ಟು ಸಲ ಹೇಳಿದರೂ ಇದು ತಪ್ಪುವುದಿಲ್ಲ, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಸೊನ್ನೆಯ ಹೊಟ್ಟೆ 4ನೇ ಸಾಲಿನ 3ನೇ ಮನೆ. ಅದರ ನಾಲ್ಕು ಗೋಡೆಗೂ ಮಸಿ ಇದೆ. ಮಸಿಗೆ ಎಂಟು, ಕಾಗದಕ್ಕೂ ಎಂಟು ಅಂದಿರಿ ಅಂತಿಟ್ಟುಕೊಳ್ಳಿ. ಮಸಿ ಸುತ್ತಲೂ ಕೂಡಿಕೊಂಡು ಬೇಲಿಯಾಯಿತು. ಆದರೆ ಹೊಟ್ಟೆಯ ಕಾಗದ ಮೂಲೆಯಿಂದ 3ನೇ ಸಾಲಿನ 2ನೇ ಮನೆಗೆ ನುಸುಳಿ ಹೊರಗಿನ ಕಾಗದದ ಜೊತೆ ಸೇರಿತು. ಬೇಲಿ ಪೂರ್ತಿ ಇದ್ದರೂ ಒಳಗಿನದು ಹೊರಬಿತ್ತು. ಈಗ ಎರಡಕ್ಕೂ ನಾಲ್ಕು ಅನ್ನಿ. ಮಸಿಯ ನಾಲ್ಕು ಮನೆಯೂ ಬಿಡಿ ಬಿಡಿ, ಬೇಲಿಯೇ ಇಲ್ಲ. ಆದರೂ ಹೊಟ್ಟೆ ಹೊರಗಿನಿಂದ ಬೇರೆಯಾಗಿಯೇ ಉಳಿಯಿತು! ಎರಡೂ ಒಪ್ಪುವ ಮಾತಲ್ಲ. ಒಂದು ಮೂಲೆಯಲ್ಲಿ ಮಸಿ ದಾಟಿದರೆ ಕಾಗದ ನಿಲ್ಲಬೇಕು, ಕಾಗದ ದಾಟಿದರೆ ಮಸಿ ನಿಲ್ಲಬೇಕು. ಆದ್ದರಿಂದ ಮಸಿಗೆ ಎಂಟಾದರೆ ಕಾಗದಕ್ಕೆ ನಾಲ್ಕು, ಮಸಿಗೆ ನಾಲ್ಕಾದರೆ ಕಾಗದಕ್ಕೆ ಎಂಟು.

```python
from scipy import ndimage as nd
import numpy as np
e = np.ones((3, 3))
nd.label(a, e)[1]      # 3
nd.label(1 - a)[1]     # 2
nd.label(1 - a, e)[1]  # 1
```

ಇಲ್ಲಿ `a` ಮೇಲಿನ ಚಿತ್ರ. ಎರಡನೆಯ ಲೆಕ್ಕದ 2 ಅಂದರೆ ಹೊರಗಿನ ಕಾಗದ ಮತ್ತು ಸೊನ್ನೆಯ ಹೊಟ್ಟೆ. ಮೂರನೆಯದರಲ್ಲಿ ಹೊಟ್ಟೆ ಸೋರಿಹೋಗಿದೆ.

ಕಳೆದ ವರ್ಷ ಒಬ್ಬ ಹುಡುಗಿ ಬಂದಿದ್ದಳು, ಬಹಳ ಶ್ರದ್ಧೆಯವಳು. ಹೊಟ್ಟೆ ಇರುವ ಚಿಕ್ಕ ತುಂಡುಗಳನ್ನು ಹುಡುಕಿ ಅನುಸ್ವಾರ ಗುರುತಿಸುತ್ತಿದ್ದಳು. ಒಂದೇ ಪುಟದಲ್ಲಿ ದಪ್ಪ ಸೊನ್ನೆಗಳೆಲ್ಲ ಸಿಗುತ್ತಿದ್ದವು, ಸಣಕಲು ಸೊನ್ನೆಗಳು ಕೈಕೊಡುತ್ತಿದ್ದವು. "ಮಸಿ ಸರಿಯಾಗಿ ಹತ್ತಿಲ್ಲ ಅನ್ಸುತ್ತೆ ಸರ್," ಅಂದಳು. ಎರಡು ವಾರ ಕಪ್ಪುಬಿಳುಪಿನ ಗಡಿಯನ್ನೇ ತಿದ್ದುತ್ತಾ ಕೂತಿದ್ದಳಂತೆ. ನಾನು ಒಂದು ಸೊನ್ನೆಯನ್ನು ತೆರೆ ತುಂಬ ದೊಡ್ಡದು ಮಾಡಿ ತೋರಿಸಿದೆ. ಗೆರೆ ಬಾಗುವ ಕಡೆ ಎರಡು ಕರಿ ಚುಕ್ಕಿ ಬರೀ ಮೂಲೆಯಿಂದ ತಾಗಿದ್ದವು. ಕಾಗದಕ್ಕೂ ಎಂಟೇ ಹಾಕಿದ್ದಳು, "ಎರಡೂ ಕಡೆ ಒಂದೇ ಥರ ಇರಲಿ ಅಂತ." ಕಾಗದಕ್ಕೆ ನಾಲ್ಕು ಮಾಡಿದ ಮೇಲೆ ಆ ಸೊನ್ನೆಗಳಿಗೂ ಹೊಟ್ಟೆ ಬಂತು.

ಎಲ್ಲ ಸಿಕ್ಕಿದವು ಅಂತ ಹೇಳಲಾರೆ. ಕೆಲವು ಸೊನ್ನೆಗಳಲ್ಲಿ ಗೆರೆ ನಿಜವಾಗಿಯೂ ಒಂದು ಚುಕ್ಕಿಯಷ್ಟು ಕಡಿದಿತ್ತು. ಅಲ್ಲಿ ನಾಲ್ಕೂ ನಡೆಯುವುದಿಲ್ಲ, ಎಂಟೂ ನಡೆಯುವುದಿಲ್ಲ. ಎಣಿಸುವ ಮೊದಲೇ ಗೆರೆಯನ್ನು ಬೆಸೆಯಬೇಕು. ಆದರೆ ಹಾಗೆ ಬೆಸೆದಾಗ ಪಕ್ಕದ ಒತ್ತಕ್ಷರವೂ ಅಂಟಿಕೊಳ್ಳಬಹುದು. ಅದನ್ನು ಪುಟ ನೋಡಿಯೇ ತೀರ್ಮಾನಿಸಬೇಕು.