ಆನೆಕಾಲಿಗೆ ಅಮಾವಾಸ್ಯೆಯ ಜ್ವರ: ಬೆರಳ ಸಂದಿ ನೋಡಿದಿರಾ?

ಪ್ರಶ್ನೆ: ನಮ್ಮ ಅತ್ತೆಗೆ ಎಡಗಾಲು ಆನೆಕಾಲು. ಅಮಾವಾಸ್ಯೆಯೋ ಹುಣ್ಣಿಮೆಯೋ ಬಂತೆಂದರೆ ಚಳಿ, ನಡುಕ, ಜ್ವರ, ಕಾಲೆಲ್ಲ ಕೆಂಪು. ಒಳಗಿನ ಹುಳ ಮತ್ತೆ ಎದ್ದಿದೆ ಅಂತಾರೆ. ಹುಳ ಸಾಯಿಸುವ ಡಿಇಸಿ ಮಾತ್ರೆ ಇನ್ನೊಂದು ಸುತ್ತು ಕೊಡಿಸಬೇಕಾ?

ಈ ಪ್ರಶ್ನೆ ಬರದ ತಿಂಗಳಿಲ್ಲ. ಉತ್ತರ ಪ್ರತಿ ಸಲವೂ ಅದೇ: ಈ ಜ್ವರಕ್ಕೆ ಡಿಇಸಿ ಮದ್ದಲ್ಲ. ಜ್ವರ ಇರುವಾಗಲಂತೂ ಅದನ್ನು ಕೊಡಲೇಬಾರದು.

ಮೊದಲು ಅಮಾವಾಸ್ಯೆಯ ಲೆಕ್ಕ ಮುಗಿಸೋಣ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಹದಿನೈದು ದಿನ. "ಎರಡು ದಿನ ಮುಂಚೆಯೇ ಶುರುವಾಯ್ತು", "ಎರಡು ದಿನ ಬಿಟ್ಟು ಬಂತು" ಎನ್ನುವುದನ್ನೂ ಸೇರಿಸಿದರೆ 15ರಲ್ಲಿ 5 ದಿನ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಖಾತೆಗೇ ಹೋಗುತ್ತವೆ. ಅಂದರೆ ಜ್ವರ ಯಾವಾಗ ಬಂದರೂ ಮೂರರಲ್ಲೊಂದು ಸಲ ಪಂಚಾಂಗಕ್ಕೆ ಹೊಂದಿಕೊಳ್ಳುತ್ತದೆ. ಹೊಂದಿದ್ದು ನೆನಪಿರುತ್ತದೆ, ಹೊಂದದ್ದು ಮರೆತುಹೋಗುತ್ತದೆ. ನಂಬಿಕೆ ಬರದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನಕ್ಕೆ ಸುತ್ತು ಹಾಕುತ್ತ ಹೋಗಿ. ಸುತ್ತುಗಳು ಮಳೆಗಾಲದಲ್ಲಿ, ಕಾಲು ಹಗಲೆಲ್ಲ ಕೆಸರು ನೀರಿನಲ್ಲಿರುವ ದಿನಗಳಲ್ಲಿ, ಒತ್ತೊತ್ತಾಗಿ ಬರುವ ಸಂಭವವೇ ಹೆಚ್ಚು. ಹುಳದ ಮರಿಗಳು ರಾತ್ರಿ ಹೊತ್ತು ರಕ್ತಕ್ಕೆ ಬರುವುದು ನಿಜ, ರಾತ್ರಿ ರಕ್ತ ತೆಗೆದು ನೋಡುವುದೂ ಅದಕ್ಕೇ. ಆದರೆ ಅದು ದಿನದ ಗಂಟೆಗಳಿಗೆ ಸಂಬಂಧಪಟ್ಟದ್ದು. ಚಂದ್ರನಿಗೂ ಅದಕ್ಕೂ ನಂಟಿಲ್ಲ. ಈ ಜ್ವರಕ್ಕೂ ಅದು ಕಾರಣವಲ್ಲ.

ಜ್ವರ ಬರುವುದು ಬ್ಯಾಕ್ಟೀರಿಯಾದಿಂದ. ಹುಳ ಎಷ್ಟೋ ವರ್ಷದ ಹಿಂದೆಯೇ ಕಾಲಿನ ದ್ರವವನ್ನು ಮೇಲಕ್ಕೆ ಸಾಗಿಸುವ ದುಗ್ಧನಾಳಗಳನ್ನು ಕೆಡಿಸಿಟ್ಟಿರುತ್ತದೆ. ಹೂಳು ತುಂಬಿದ ಕಾಲುವೆಯಂತೆ ದ್ರವ ಹರಿಯದೆ ಕಾಲಿನಲ್ಲೇ ನಿಲ್ಲುತ್ತದೆ. ನಮ್ಮ ನಿಮ್ಮ ಕಾಲಿಗೆ ಸಣ್ಣ ಗೀರಿನಿಂದ ಹೊಕ್ಕ ಬ್ಯಾಕ್ಟೀರಿಯಾವನ್ನು ದೇಹ ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಆ ಕಾಲಿನಲ್ಲಿ ಅದಾಗದೆ ಅವು ಬೆಳೆಯುತ್ತವೆ. ತೊಡೆಸಂದಿನಲ್ಲಿ ಗಡ್ಡೆ ನೋಯುತ್ತದೆ, ಚಳಿ ಹಿಡಿಯುತ್ತದೆ, ಕಾಲು ಕೆಂಪಾಗಿ ಸುಡುತ್ತದೆ. ಇಂಥ ಒಂದೊಂದು ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸಿ ಊತ ಹೆಚ್ಚಿಸುತ್ತದೆ.

ಬ್ಯಾಕ್ಟೀರಿಯಾ ಹೊಕ್ಕ ಬಾಗಿಲು ಎಲ್ಲಿದೆ? ಅತ್ತೆಯನ್ನು ಬೆಳಕಿಗೆ ಕೂರಿಸಿ, ಟಾರ್ಚ್ ಹಿಡಿದು, ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು ಮೆಲ್ಲಗೆ ಬಿಡಿಸಿ. ಊದಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅಲ್ಲಿಗೆ ಗಾಳಿಯಾಡುವುದಿಲ್ಲ. ಚರ್ಮ ಬಿಳಿಚಿ, ನೆನೆದು, ಎತ್ತಿದರೆ ಸುಲಿದು ಬರುವಂತಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಅದರ ತಳದಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕರೆ ಅದೇ ಬಾಗಿಲು. ಅತ್ತೆಗೆ ನೋವಿರಲಿಕ್ಕಿಲ್ಲ, ಬರೀ ತುರಿಕೆ ಇರಬಹುದು. ಕಣಕಾಲಿನ ಮಡಿಕೆಗಳೊಳಗೂ ಹೀಗೇ ನೋಡಿ.

ತೊಳೆಯುವುದು ದಿನಕ್ಕೊಮ್ಮೆ, ರಾತ್ರಿಯಾದರೆ ಒಳ್ಳೆಯದು. ತಣ್ಣೀರು ಸಾಕು. ಕುದಿನೀರು, ಉಪ್ಪು, ಗಾಢ ಆಂಟಿಸೆಪ್ಟಿಕ್ ಯಾವುದೂ ಬೇಡ. ಅವು ಚರ್ಮ ಒಣಗಿಸಿ ಹೊಸ ಬಿರುಕು ಮಾಡುತ್ತವೆ. ಮಾಮೂಲಿ ಮೈಸೋಪಿನ ನೊರೆಯನ್ನು ಊತ ಶುರುವಾಗುವಲ್ಲಿಂದ ಕೆಳಗೆ ಕೈಯಲ್ಲೇ ಹಚ್ಚಿ. ಬೆರಳ ಸಂದಿಗೆ, ಮಡಿಕೆಗೆ ಮೆತ್ತನೆ ಬಟ್ಟೆಯ ತುಂಡು ಸಾಕು. ಬ್ರಷ್, ಕಲ್ಲು ಮುಟ್ಟಿಸಬೇಡಿ. ಸುರಿದ ನೀರು ತಿಳಿಯಾಗಿ ಇಳಿಯುವ ತನಕ ತೊಳೆಯಿರಿ.

ಎಲ್ಲರೂ ಎಡವುವುದು ಇದರ ಮುಂದೆ. ತೊಳೆದಷ್ಟೇ ಶ್ರದ್ಧೆಯಿಂದ ಒರೆಸಬೇಕು. ಟವೆಲ್ ಬೆರಳ ಸಂದಿಗೆ ಹೋಗುವುದಿಲ್ಲ. ಹಳೆ ಹತ್ತಿಬಟ್ಟೆಯನ್ನು ತೆಳ್ಳಗೆ ಮಡಿಸಿ ತೂರಿಸಿ, ಉಜ್ಜದೆ ಒತ್ತಿ ತೆಗೆಯಿರಿ. ಬಟ್ಟೆ ಒಣಗಿಯೇ ಹೊರಬರುವ ತನಕ ಬಿಡಬೇಡಿ. ಆಮೇಲೆ ಬಿಳಿಚಿದ ಜಾಗಕ್ಕೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಮುಲಾಮು ತೆಳುವಾಗಿ ಹಚ್ಚಿ. ಚರ್ಮ ಮಾಮೂಲಾದ ಮೇಲೂ ಎರಡು ವಾರ ಮುಂದುವರಿಸಿ. ಕೀವು, ಕೆಟ್ಟ ವಾಸನೆ ಇದ್ದರೆ ಡಾಕ್ಟರಿಗೆ ತೋರಿಸಿ, ಅದಕ್ಕೆ ಬೇರೆ ಮುಲಾಮು ಬೇಕು. ಒಣಚರ್ಮಕ್ಕೆ ಕೊಬ್ಬರಿ ಎಣ್ಣೆ ಸರಿ, ಬೆರಳ ಸಂದಿಗೆ ಬೇಡ.

ಜ್ವರ ಬಂದೇಬಿಟ್ಟರೆ ಕಾಲು ಎತ್ತರದಲ್ಲಿಟ್ಟು ಮಲಗಿಸಿ, ತಣ್ಣೀರ ಬಟ್ಟೆ ಹಾಕಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆಗ ಬೇಕಾಗುವುದು ಆಂಟಿಬಯೋಟಿಕ್. ವಾಂತಿ, ಅರೆಪ್ರಜ್ಞೆ ಇದ್ದರೆ ನೇರ ಆಸ್ಪತ್ರೆಗೆ.

ನೀವು ಕೇಳದ ಇನ್ನೊಂದು ವಿಷಯ: ಕಾಲುಂಗುರ. ಊದಿದ ಬೆರಳಿನಲ್ಲಿ ಹೂತುಹೋದ ಕಾಲುಂಗುರದ ಅಡಿಯಲ್ಲಿ ಸೋಪು, ನೀರು ನಿಂತೇ ಇರುತ್ತದೆ, ಅಲ್ಲಿಗೆ ಬಟ್ಟೆಯೂ ಹೋಗುವುದಿಲ್ಲ. "ಮುತ್ತೈದೆ ತೆಗೆಯೋದು ಹೇಗೆ" ಎಂದು ಅತ್ತೆ ಹಟ ಹಿಡಿದರೆ ಬಲಗಾಲಿನದು ಇರಲಿ, ಎಡಗಾಲಿನದು ಮಾತ್ರ ತೆಗೆಯೋಣ ಎಂದು ಒಪ್ಪಿಸಿ. ಎಳೆದು ತೆಗೆಯಲು ಹೋಗಬೇಡಿ, ಚರ್ಮ ಕಿತ್ತುಬರುತ್ತದೆ. ಜಾರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸಿ ಕೊಡುತ್ತಾರೆ; ಬೆಳ್ಳಿ ತಾನೇ, ಅಕ್ಕಸಾಲಿಗ ಮತ್ತೆ ಬೆಸೆದುಕೊಡುತ್ತಾನೆ.