ಮೊಬೈಲ್ ತೆಗೆದಿಟ್ಟರೆ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಏನು ಮಾಡುವುದು?

ಪ್ರಶ್ನೆ: ನಮ್ಮ ಮಗನಿಗೆ ಎರಡೂವರೆ ವರ್ಷ. ರಾತ್ರಿ ಊಟದ ಹೊತ್ತಿಗೆ ಮೊಬೈಲ್ ತೆಗೆದಿಟ್ಟರೆ ನೆಲದ ಮೇಲೆ ಹೊರಳಾಡಿ ಕಿರುಚುತ್ತಾನೆ. ಎರಡೇಟು ಕೊಟ್ಟರೆ ಸರಿಹೋಗುತ್ತಾನೆ ಎನ್ನುತ್ತಾರೆ ಮಾವ. ಪಾಪ, ಕೊಟ್ಟುಬಿಡು ಎನ್ನುತ್ತಾರೆ ಅತ್ತೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು ಹೀಗೆ ರಚ್ಚೆ ಹಿಡಿಯುವುದು ಸಾಮಾನ್ಯ. ಆಸೆಯನ್ನು ತಡೆದು ನಿಲ್ಲಿಸುವ ಮೆದುಳಿನ ಮುಂಭಾಗ ಈ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ನಾವು ಹೇಳುವುದೆಲ್ಲ ಮಗುವಿಗೆ ಬಹುಪಾಲು ಅರ್ಥವಾಗುತ್ತದೆ, ತನಗೆ ಬೇಕಾದದ್ದನ್ನು ಹೇಳಲು ಮಾತ್ರ ಮಾತು ಸಾಲದು. ಊಟದ ಹೊತ್ತಿಗೆ ಹಸಿವು, ನಿದ್ದೆ ಎರಡೂ ಸೇರಿಕೊಂಡಿರುತ್ತವೆ. ನಿಮ್ಮನ್ನು ಮಣಿಸಲೆಂದು ಅವನು ಹೊಂಚು ಹಾಕಿ ಅಳುತ್ತಿಲ್ಲ.

ಈ ಅಳುವಿನಲ್ಲಿ ಸಿಟ್ಟೂ ಇದೆ, ದುಃಖವೂ ಇದೆ. ಕಿರುಚುವುದು, ಒದೆಯುವುದು, ಎಸೆಯುವುದು ಸಿಟ್ಟಿನವು. ಇವು ಆರಂಭದಲ್ಲೇ ಜೋರಾಗಿದ್ದು ಬೇಗ ಇಳಿಯುತ್ತವೆ. ಬಿಕ್ಕುವುದು, ಮುಲುಗುವುದು ದುಃಖದವು. ಇವು ಕೊನೆಯವರೆಗೂ ಉಳಿಯುತ್ತವೆ. ಕಿರುಚಾಟದ ನಡುವೆ ಬುದ್ಧಿ ಹೇಳಿದರೆ, "ಯಾಕೆ ಅಳುತ್ತೀಯಾ" ಎಂದು ಕೇಳಿದರೆ ಸಿಟ್ಟು ಏರುತ್ತದೆ. ಆಗ ತಟ್ಟೆ, ಲೋಟ ಪಕ್ಕಕ್ಕಿಡಿ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಒಂದು ಮೊಳ ದೂರದಲ್ಲಿ ಕುಳಿತುಕೊಳ್ಳಿ. "ಮೊಬೈಲ್ ಬೇಕಿತ್ತು, ಸಿಟ್ಟು ಬಂದಿದೆ. ಈಗ ಊಟ" ಎಂದು ಒಮ್ಮೆ ಮೆಲ್ಲಗೆ ಹೇಳಿ ಸುಮ್ಮನಾಗಿ. ಕೆಲವು ನಿಮಿಷಗಳಲ್ಲಿ ಕಿರುಚಾಟ ಬಿಕ್ಕಾಗುತ್ತದೆ, ಮಗು ನಿಮ್ಮತ್ತ ತಿರುಗುತ್ತದೆ. ಎತ್ತಿಕೊಳ್ಳಬೇಕಾದದ್ದು ಆಗ. ಎತ್ತಿಕೊಂಡರೆ ಮುದ್ದು ಹೆಚ್ಚಾಗಿ ಕೆಡುವುದಿಲ್ಲ. ಕೊಡಬಾರದ್ದು ಮೊಬೈಲ್ ಮಾತ್ರ.

ಹತ್ತು ನಿಮಿಷ ತಡೆದು ಆಮೇಲೆ ಕೊಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅಷ್ಟು ಹೊತ್ತು ಅತ್ತರೆ ಸಿಗುತ್ತದೆಂದು ಮಗು ಕಲಿಯುತ್ತದೆ. ಆದ್ದರಿಂದ ಅತ್ತೆ, ಮಾವನ ಜೊತೆ ಮಾತನಾಡಿ ಮನೆಯವರೆಲ್ಲ ಒಂದೇ ನಿಯಮಕ್ಕೆ ಬನ್ನಿ. ಹೊಸ ನಿಯಮ ಬಂದ ಮೊದಲ ಕೆಲವು ದಿನ ಅಳು ಇನ್ನಷ್ಟು ಜೋರಾಗುವುದುಂಟು. ಅಲ್ಲಿಗೇ ಎದೆಗುಂದಿ ಮೊಬೈಲ್ ಕೈಗಿತ್ತವರೇ ಹೆಚ್ಚು. ಹೊಡೆದರಂತೂ ಹೆದರಿ ಬಾಯಿ ಮುಚ್ಚಬಹುದು, ಸಿಟ್ಟು ಬಂದಾಗ ಕೈ ಎತ್ತಬಹುದೆಂಬ ಪಾಠವೂ ಜೊತೆಗೇ ಸಿಗುತ್ತದೆ.

ಅಳು ಶುರುವಾಗುವ ಮೊದಲೇ ಮಾಡಬಹುದಾದದ್ದೂ ಇದೆ. ಊಟವನ್ನು ಅರ್ಧ ಗಂಟೆ ಮುಂಚೆ ಬಡಿಸಿ. "ಈ ಹಾಡು ಮುಗಿದರೆ ಮೊಬೈಲ್ ಒಳಗೆ" ಎಂದು ಮೊದಲೇ ಹೇಳಿ. "ಐದು ನಿಮಿಷ" ಎಂದರೆ ಆ ವಯಸ್ಸಿಗೆ ತಿಳಿಯದು. ಬಟನ್ ಒತ್ತಿ ಆರಿಸುವ ಕೆಲಸವನ್ನು ಅವನಿಗೇ ಕೊಡಿ. ನೀಲಿ ತಟ್ಟೆಯೋ ಸ್ಟೀಲ್ ತಟ್ಟೆಯೋ ಎಂದು ಕೇಳಿದರೆ ಗಮನವೂ ಆ ಕಡೆ ಹೊರಳುತ್ತದೆ.

ಅಳುತ್ತಾ ಉಸಿರು ಕಟ್ಟಿ ಮಗು ನೀಲಿಗಟ್ಟಿದರೆ ಪಕ್ಕಕ್ಕೆ ಮಲಗಿಸಿ. ಅಲುಗಾಡಿಸಬೇಡಿ, ಬಾಯಿಗೆ ಏನೂ ಹಾಕಬೇಡಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ಉಸಿರು ಮರಳುತ್ತದೆ. ಮರಳದಿದ್ದರೆ ತಕ್ಷಣ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ. ಉಸಿರು ಮರಳಿದರೂ ಮಕ್ಕಳ ವೈದ್ಯರಿಗೆ ತೋರಿಸಿ, ಕಬ್ಬಿಣಾಂಶದ ಕೊರತೆಯಿಂದಲೂ ಹೀಗಾಗುವುದುಂಟು. ಪದೇ ಪದೇ ಕಾಲು ಗಂಟೆ ಮೀರಿ ಅಳುವ, ತನಗೇ ಗಾಯ ಮಾಡಿಕೊಳ್ಳುವ, ಎರಡು ವರ್ಷ ದಾಟಿದರೂ ಎರಡು ಪದ ಜೋಡಿಸಿ ಮಾತನಾಡದ ಮಗುವನ್ನೂ ವೈದ್ಯರು ನೋಡಬೇಕು.