ಜ್ವರ ಬಿಟ್ಟು ಎರಡು ವಾರವಾದರೂ ಇಎಸ್‌ಆರ್ ಏಕೆ ಇಳಿದಿಲ್ಲ?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಕಕ್ಕಡದ ಮಳೆಯಲ್ಲಿ ನ್ಯುಮೋನಿಯಾ ಆಗಿತ್ತು. ಆ್ಯಂಟಿಬಯೋಟಿಕ್ ಶುರು ಮಾಡಿದ ಐದನೆಯ ದಿನಕ್ಕೆ ಜ್ವರ ಬಿಟ್ಟಿತು. ಅದಾಗಿ ಹನ್ನೆರಡು ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಇಎಸ್‌ಆರ್ 64 ಬಂತು. ರಕ್ತದಲ್ಲಿ ಇನ್ನೂ ನಂಜು ಉಳಿದಿದೆ ಎಂದು ಪರಿಚಯದವರೊಬ್ಬರು ಹೇಳಿದ್ದರಿಂದ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆಯನ್ನು ತಂದು ಇನ್ನೂ ಏಳು ದಿನ ಕೊಟ್ಟೆವು. ಈಗ 58 ಇದೆ. ಮತ್ತೊಂದು ಕೋರ್ಸ್ ಕೊಡಬೇಕೇ? (ಹಿಮೋಗ್ಲೋಬಿನ್ 9.6, ಬಿಳಿ ರಕ್ತಕಣ 7,200, ಸಿಆರ್‌ಪಿ 3.)

ಉತ್ತರ: ಬೇಡ. ಸೋಮವಾರಪೇಟೆಯ ಕಡೆಯಿಂದ ಬಂದಿರುವ ಈ ಪ್ರಶ್ನೆ ವಿರಾಜಪೇಟೆಯಿಂದಲೂ ಗೋಣಿಕೊಪ್ಪದಿಂದಲೂ ಪ್ರತಿ ಮಳೆಗಾಲದಲ್ಲಿ ಬರುತ್ತದೆ. ವಯಸ್ಸು ಮತ್ತು ಅಂಕಿ ಮಾತ್ರ ಬೇರೆಯಾಗಿರುತ್ತವೆ. ಲ್ಯಾಬಿನಲ್ಲಿ ದುಡಿದು, ಆಮೇಲೆ ಅದೇ ಕೆಲಸವನ್ನು ಮಕ್ಕಳಿಗೆ ಕಲಿಸಿ ನಿವೃತ್ತನಾದವನು ನಾನು. ಈ ಉತ್ತರವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಇಎಸ್‌ಆರ್ ಅನ್ನು ರಕ್ತದಲ್ಲಿರುವ ನಂಜಿನ ಮೀಟರ್ ಎಂದು ಜನ ನಂಬಿದ್ದಾರೆ. ಆದರೆ ಆ ಪರೀಕ್ಷೆಯಲ್ಲಿ ನಂಜನ್ನು ಯಾರೂ ಅಳೆಯುವುದಿಲ್ಲ, ರೋಗಾಣುವನ್ನು ಯಾರೂ ಹುಡುಕುವುದಿಲ್ಲ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ದ್ರಾವಣ ಬೆರೆಸಿ, ಒಳಗಿನ ಅಗಲ ಸುಮಾರು 2.5 ಮಿಲಿಮೀಟರ್ ಇರುವ ವೆಸ್ಟರ್‌ಗ್ರೆನ್ ಕೊಳವೆಯಲ್ಲಿ 200 ಮಿಲಿಮೀಟರ್ ಎತ್ತರಕ್ಕೆ, ಮೇಲಿನ ಸೊನ್ನೆಯ ಗೆರೆಯವರೆಗೆ ಏರಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಮುಟ್ಟದೆ ಬಿಡುತ್ತೇವೆ. ಕೆಂಪು ಕಣಗಳು ಕೆಳಗಿಳಿದು, ಮೇಲ್ಭಾಗದಲ್ಲಿ ತಿಳಿಹಳದಿ ಬಣ್ಣದ ಪ್ಲಾಸ್ಮಾ ಕಾಣಿಸಿಕೊಳ್ಳುತ್ತದೆ. ಆ ತಿಳಿಯ ಎತ್ತರ ಎಷ್ಟು ಮಿಲಿಮೀಟರ್ ಇದೆಯೋ ಅಷ್ಟೇ ಇಎಸ್‌ಆರ್. ನಿಮ್ಮ ತಾಯಿಯ ರಕ್ತದಲ್ಲಿ ಅದು 64 ಮಿಲಿಮೀಟರ್ ಇತ್ತು. ಇದನ್ನು ಓದಲು ಕಣ್ಣು ಮತ್ತು ಗಡಿಯಾರ ಸಾಕು.

ಹಾಗಾದರೆ ಕಣಗಳು ಒಬ್ಬರ ರಕ್ತದಲ್ಲಿ ನಿಧಾನವಾಗಿಯೂ ಇನ್ನೊಬ್ಬರ ರಕ್ತದಲ್ಲಿ ಬೇಗನೆಯೂ ಏಕೆ ಇಳಿಯುತ್ತವೆ? ಬೆಲ್ಲದ ಕಾಫಿಯನ್ನು ಸೋಸದೆ ಲೋಟಕ್ಕೆ ಬಗ್ಗಿಸಿದವರಿಗೆ ಇದು ಗೊತ್ತು: ನುಣ್ಣನೆಯ ಪುಡಿ ಬಹಳ ಹೊತ್ತು ತೇಲಾಡುತ್ತದೆ, ತರಿ ಪುಡಿ ಆಗಲೇ ತಳ ಸೇರಿರುತ್ತದೆ. ಕಣವೊಂದು ದ್ರವದಲ್ಲಿ ಮುಳುಗುವ ವೇಗ ಅದರ ಗಾತ್ರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಾತ್ರ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು. ಕೆಂಪು ಕಣ ತಾನಾಗಿ ದೊಡ್ಡದಾಗುವುದಿಲ್ಲ, ಆದರೆ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಹತ್ತಾರು ಕಣಗಳು ಬೆನ್ನಿಗೆ ಬೆನ್ನು ಅಂಟಿಕೊಂಡರೆ ಆ ಕಟ್ಟು ಒಂದೇ ದೊಡ್ಡ ಕಣದಂತೆ ಇಳಿಯುತ್ತದೆ. ಇದಕ್ಕೆ ರೂಲೋ ಎಂದು ಹೆಸರು. ಗಂಟೆಯ ಮೊದಲ ಹತ್ತು ನಿಮಿಷ ಬಹುಪಾಲು ಈ ಪೇರಿಸುವ ಕೆಲಸಕ್ಕೇ ಹೋಗುತ್ತದೆ, ನಂತರದ ಸುಮಾರು ನಲವತ್ತು ನಿಮಿಷ ವೇಗವಾಗಿ ಇಳಿಯುವುದು ನಡೆಯುತ್ತದೆ, ಕೊನೆಯಲ್ಲಿ ತಳದಲ್ಲಿ ಕಣಗಳು ಒತ್ತೊತ್ತಾಗಿ ಕೂರುತ್ತವೆ.

ಕಣಗಳು ಸಾಮಾನ್ಯವಾಗಿ ಅಂಟಿಕೊಳ್ಳದಿರಲು ಕಾರಣವಿದೆ. ಪ್ರತಿಯೊಂದರ ಹೊರಮೈ ಮೇಲೂ ಸಿಯಾಲಿಕ್ ಆಮ್ಲದ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. ಈ ತಳ್ಳಾಟವನ್ನು ಮೀರಿಸುವುದು ಪ್ಲಾಸ್ಮಾದಲ್ಲಿರುವ ಫೈಬ್ರಿನೋಜನ್. ರಕ್ತ ಹೆಪ್ಪುಗಟ್ಟಲು ಬೇಕಾದ ಈ ಪ್ರೋಟೀನು ಉಂಡೆಯಂತಿರದೆ ಸುಮಾರು 47 ನ್ಯಾನೋಮೀಟರ್ ಉದ್ದದ ಕೋಲಿನಂತಿದೆ. ದೂರ ನಿಂತ ಎರಡು ಕಣಗಳ ನಡುವೆ ಅಡ್ಡಪಾಲ ಹಾಕಿದಂತೆ ಅದು ಎರಡನ್ನೂ ಹಿಡಿಯಬಲ್ಲದು. ದೊಡ್ಡ ಅಣುಗಳು ಎರಡು ಕಣಗಳ ನಡುವಿನ ಕಿರಿದಾದ ಸಂದಿಯಿಂದ ಹೊರಗುಳಿದು, ಹೊರಗಿನ ಒತ್ತಡದಿಂದ ಕಣಗಳನ್ನು ಹತ್ತಿರಕ್ಕೆ ಒತ್ತುತ್ತವೆ ಎಂಬ ಇನ್ನೊಂದು ವಿವರಣೆಯೂ ಇದೆ. ಯಾವುದನ್ನು ಒಪ್ಪಿದರೂ ಫಲ ಒಂದೇ. ಇಮ್ಯುನೊಗ್ಲಾಬ್ಯುಲಿನ್‌ಗಳು, ಅಂದರೆ ಪ್ರತಿಕಾಯಗಳು, ಇದೇ ಕೆಲಸವನ್ನು ಸ್ವಲ್ಪ ಕಡಿಮೆ ಶಕ್ತಿಯಿಂದ ಮಾಡುತ್ತವೆ. ಅವುಗಳಲ್ಲಿ ಐದು ಘಟಕಗಳು ಸೇರಿದ ಐಜಿಎಂ ಗಾತ್ರದಲ್ಲಿ ದೊಡ್ಡದು. ಐಜಿಜಿ ಚಿಕ್ಕದಾದರೂ ಪ್ರಮಾಣ ಹೆಚ್ಚಾದಾಗ ಚೆನ್ನಾಗಿಯೇ ಅಂಟಿಸುತ್ತದೆ. ಆಲ್ಬುಮಿನ್ ಮಾತ್ರ ಕಣಗಳನ್ನು ಬಿಡಿಬಿಡಿಯಾಗಿರಿಸುವ ಕಡೆಗಿದೆ.

ಹಾಗಾದರೆ ಬದಲಾವಣೆ ಆಗಿರುವುದು ಕಣದಲ್ಲಿಯೋ ಪ್ಲಾಸ್ಮಾದಲ್ಲಿಯೋ ಎಂಬ ಅನುಮಾನಕ್ಕೆ ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಒಂದೇ ಗುಂಪಿನ ರಕ್ತದ ಎರಡು ಸ್ಯಾಂಪಲ್, ಒಂದರ ಇಎಸ್‌ಆರ್ ತೀರಾ ಹೆಚ್ಚು, ಇನ್ನೊಂದರದು ಕಡಿಮೆ. ಎರಡರ ಪ್ಲಾಸ್ಮಾವನ್ನೂ ಬೇರ್ಪಡಿಸಿ ಅದಲುಬದಲು ಮಾಡಿದರೆ, ಆರೋಗ್ಯವಂತನ ಕಣಗಳು ರೋಗಿಯ ಪ್ಲಾಸ್ಮಾದಲ್ಲಿ ಸರ್ರನೆ ಇಳಿಯುತ್ತವೆ, ರೋಗಿಯ ಕಣಗಳು ಆರೋಗ್ಯವಂತನ ಪ್ಲಾಸ್ಮಾದಲ್ಲಿ ನಿಧಾನಿಸುತ್ತವೆ. ಕಣಗಳನ್ನು ತೊಳೆದು ಬರೀ ಉಪ್ಪುನೀರಿನಲ್ಲಿ ಬಿಟ್ಟರೆ ಗಂಟೆಯಾದರೂ ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಆ ಕೊಳವೆಗಳನ್ನು ಪಕ್ಕಪಕ್ಕದಲ್ಲಿ ನೋಡಿದ ವಿದ್ಯಾರ್ಥಿ ಮತ್ತೆಂದೂ ಇಎಸ್‌ಆರ್ ವಿಷಯದಲ್ಲಿ ತಪ್ಪು ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನು ನಂಜಿನ ಮಾತಿಗೆ ಬರೋಣ. ಸೋಂಕು ತಗುಲಿದಾಗ ಇಎಸ್‌ಆರ್ ಏರುವುದು ನಿಜ, ಏಕೆಂದರೆ ಉರಿಯೂತದ ಸಂದೇಶ ತಲುಪಿದ ಕೂಡಲೇ ಯಕೃತ್ತು ಫೈಬ್ರಿನೋಜನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಆದರೆ ಅದೇ ಸಂದೇಶ ಸಂಧಿವಾತದಿಂದಲೂ, ಶಸ್ತ್ರಚಿಕಿತ್ಸೆಯ ಗಾಯದಿಂದಲೂ, ಕೆಲವು ಕ್ಯಾನ್ಸರ್‌ಗಳಿಂದಲೂ ಹೋಗುತ್ತದೆ. ಬಸುರಿಯರಲ್ಲಿ ಯಾವ ರೋಗವೂ ಇಲ್ಲದೆ ಫೈಬ್ರಿನೋಜನ್ ಸಹಜವಾಗಿಯೇ ಹೆಚ್ಚುತ್ತದೆ, ಅದರೊಂದಿಗೆ ಇಎಸ್‌ಆರ್ ಕೂಡ. ಅವರೆಲ್ಲರ ರಕ್ತದಲ್ಲಿ ನಂಜಿದೆಯೇ? ಮೈಲೋಮಾ ಎಂಬ ಮಜ್ಜೆಯ ಕಾಯಿಲೆಯಲ್ಲಿ ಒಂದೇ ಬಗೆಯ ಇಮ್ಯುನೊಗ್ಲಾಬ್ಯುಲಿನ್ ರಾಶಿ ರಾಶಿಯಾಗಿ ಉತ್ಪತ್ತಿಯಾಗಿ ಇಎಸ್‌ಆರ್ 100 ದಾಟುವುದುಂಟು; ಅಂಥವರಿಗೆ ಯಾವ ಆ್ಯಂಟಿಬಯೋಟಿಕ್ ಕೊಟ್ಟರೂ ಅಂಕಿ ಅಲುಗಾಡದು. ಅಂಕಿ ಇಳಿಯುವ ತನಕ ಮಾತ್ರೆ ನುಂಗುತ್ತಲೇ ಹೋಗುವುದೆಂದರೆ, ಬೆಂಕಿ ಆರಿದ ಮೇಲೂ ಗೋಡೆಯ ಮಸಿ ಹೋಗಲಿಲ್ಲವೆಂದು ಕೊಡಗಟ್ಟಲೆ ನೀರು ಸುರಿದಂತೆ.

ಮಸಿ ಹೋಗಲು ಎಷ್ಟು ದಿನ ಬೇಕೆಂಬುದನ್ನು ನಿಮ್ಮ ತಾಯಿಯ ಅಂಕಿಯಿಂದಲೇ ಲೆಕ್ಕ ಹಾಕೋಣ. ರಕ್ತದಲ್ಲಿ ಸೇರಿದ ಫೈಬ್ರಿನೋಜನ್ ಅರ್ಧಕ್ಕಿಳಿಯಲು ಸುಮಾರು ನಾಲ್ಕು ದಿನ ಬೇಕು. ಅವರ ಸಹಜ ಪ್ರಮಾಣ ಡೆಸಿಲೀಟರಿಗೆ 300 ಮಿಲಿಗ್ರಾಂ ಇದ್ದು, ಕಾಯಿಲೆಯಲ್ಲಿ 800ಕ್ಕೆ ಏರಿತ್ತು ಎಂದಿಟ್ಟುಕೊಳ್ಳಿ. ಜ್ವರ ಬಿಟ್ಟ ದಿನವೇ ಯಕೃತ್ತು ಸಹಜ ಗತಿಗೆ ಮರಳಿದರೂ ಹೆಚ್ಚುವರಿಯಾದ 500, ನಾಲ್ಕು ದಿನಕ್ಕೆ 250, ಎಂಟು ದಿನಕ್ಕೆ 125, ಹನ್ನೆರಡು ದಿನಕ್ಕೆ 60ರ ಆಸುಪಾಸು ಆಗುತ್ತದೆ. ವಾಸ್ತವದಲ್ಲಿ ಉರಿಯೂತ ಒಂದೇ ದಿನದಲ್ಲಿ ನಿಲ್ಲದ ಕಾರಣ ಇದಕ್ಕಿಂತ ತಡವಾಗಿಯೇ ಇಳಿಯುತ್ತದೆ. ಸೋಂಕಿನ ವಿರುದ್ಧ ತಯಾರಾದ ಐಜಿಜಿಯಂತೂ ಅರ್ಧವಾಗಲು ಮೂರು ವಾರ ತೆಗೆದುಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು, ರಕ್ತದಲ್ಲಿ ಆಗಲೇ ತೇಲುತ್ತಿರುವ ಪ್ರೋಟೀನನ್ನು ಕರಗಿಸಲಾರದು. ನೀವು ಕೊಟ್ಟ ಎರಡನೆಯ ಕೋರ್ಸಿನ ಏಳು ದಿನಗಳಲ್ಲಿ 64 ಇಳಿದು 58 ಆದದ್ದಕ್ಕೆ ಮಾತ್ರೆಗಿಂತ ಕ್ಯಾಲೆಂಡರೇ ಕಾರಣ.

ಇದಕ್ಕೆ ಸಾಕ್ಷಿ ನೀವೇ ಕಳಿಸಿದ ಕಾಗದದಲ್ಲಿದೆ. ಸಿಆರ್‌ಪಿ ಎಂಬುದು ಕೂಡ ಯಕೃತ್ತಿನ ಉತ್ಪನ್ನವೇ, ಆದರೆ ತಯಾರಿಕೆ ನಿಂತರೆ ಹತ್ತೊಂಬತ್ತು ಗಂಟೆಗೊಮ್ಮೆ ಅರ್ಧವಾಗುತ್ತಾ ಕೆಲವೇ ದಿನಗಳಲ್ಲಿ ಸಹಜಕ್ಕೆ ಬರುತ್ತದೆ. ಅವರದು 3 ಇದೆ, ಬಿಳಿ ಕಣವೂ ಸರಿಯಾಗಿದೆ, ಜ್ವರವಿಲ್ಲ. ಸಿಆರ್‌ಪಿ ಇಂದಿನ ಸುದ್ದಿ ಹೇಳುತ್ತಿದೆ, ಇಎಸ್‌ಆರ್ ಕಳೆದ ತಿಂಗಳ ಸುದ್ದಿಯನ್ನೇ ಇನ್ನೂ ಓದುತ್ತಿದೆ.

ಹಾಗಿದ್ದರೂ 58 ಹೆಚ್ಚಲ್ಲವೇ ಎಂದು ಕೇಳುತ್ತೀರಿ. ರಿಪೋರ್ಟಿನಲ್ಲಿ ಅಚ್ಚಾಗಿರುವ 20ರ ಮಿತಿ ಎಲ್ಲ ವಯಸ್ಸಿಗೂ ಸಲ್ಲದು. ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಎರಡರಿಂದ ಭಾಗಿಸು ಎಂಬುದು ರೂಢಿಯ ಲೆಕ್ಕ. 62ಕ್ಕೆ ಅದು 36 ಆಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು 9.6 ಹಿಮೋಗ್ಲೋಬಿನ್ನಿನದು. ಕಣಗಳು ಇಳಿಯುವಾಗ ಅವುಗಳ ಜಾಗಕ್ಕೆ ಪ್ಲಾಸ್ಮಾ ಮೇಲೇರಬೇಕು. ಕಣಗಳ ಜಂಗುಳಿ ಕಡಿಮೆಯಿದ್ದಷ್ಟೂ ಈ ದಾರಿ ಸಲೀಸು, ಇಳಿತ ಬೇಗ. ರಕ್ತಹೀನತೆಯೊಂದೇ ಇಎಸ್‌ಆರ್ ಅನ್ನು ಏರಿಸಬಲ್ಲದು. ಹೀಗಾಗಿ ನೀವು ವೈದ್ಯರ ಬಳಿ ಕೇಳಬೇಕಾದದ್ದು 62ರ ವಯಸ್ಸಿನಲ್ಲಿ ರಕ್ತ ಇಷ್ಟು ಕಡಿಮೆ ಏಕಾಯಿತು ಎಂಬುದನ್ನು. ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳದಿರುವುದು ನನಗೆ ಬೇಸರ ತಂದಿದೆ. ಆರೆಂಟು ವಾರ ಬಿಟ್ಟು ಇಎಸ್‌ಆರ್ ಇನ್ನೊಮ್ಮೆ ನೋಡಿಸಬಹುದು. ಆಗಲೂ ಏರುತ್ತಲೇ ಇದ್ದರೆ, ಅಥವಾ ತೂಕ ಇಳಿಯುವುದು, ಬಿಡದ ಬೆನ್ನುನೋವು, ಕಣತಲೆಯ ನೋವಿನೊಂದಿಗೆ ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯುವುದು ಬೇಡ, ಅದರಲ್ಲೂ ಕೊನೆಯದಕ್ಕೆ ಅದೇ ದಿನ ಹೋಗಬೇಕು.

ನೀವು ಕೇಳದ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇಎಸ್‌ಆರ್ 2 ಬಂದಿದೆ ಎಂದು ಹೆಮ್ಮೆಪಡುವವರೂ ನನಗೆ ಸಿಗುತ್ತಾರೆ. ಕಡಿಮೆ ಅಂಕಿ ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಕುಡುಗೋಲು ಕಣದ ರಕ್ತಹೀನತೆ ಇರುವವರಲ್ಲಿ ವಕ್ರವಾದ ಕಣಗಳು ನಾಣ್ಯದಂತೆ ಪೇರಿಸಿಕೊಳ್ಳಲಾರವು, ಆದ್ದರಿಂದ ಒಳಗೆ ಸೋಂಕಿದ್ದರೂ ಇಎಸ್‌ಆರ್ ಕೆಳಗೇ ಇರಬಹುದು. ತೀವ್ರ ಸೋಂಕಿನಲ್ಲಿ ರಕ್ತನಾಳಗಳೊಳಗೇ ಹೆಪ್ಪುಗಟ್ಟಿ ಫೈಬ್ರಿನೋಜನ್ ಖರ್ಚಾಗಿಹೋದಾಗಲೂ ಅಂಕಿ ಇಳಿಯುತ್ತದೆ, ರೋಗಿ ಮಾತ್ರ ಸಾವಿನ ಅಂಚಿನಲ್ಲಿರುತ್ತಾನೆ.

ಲ್ಯಾಬಿನ ತಪ್ಪಿನಿಂದಲೂ ಹೀಗಾಗುತ್ತದೆ. ಕೊಠಡಿಯ ಉಷ್ಣತೆ 18ರಿಂದ 25 ಡಿಗ್ರಿ ಇರಬೇಕು ಎಂಬುದು ನಿಯಮ. ಚಳಿಯಲ್ಲಿ ಕಣಗಳು ನಿಧಾನಿಸುತ್ತವೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಮಳೆಗಾಲ ಎಲ್ಲರ ಇಎಸ್‌ಆರ್ ಒಂದೇ ಸಮನೆ ಇಳಿದಿತ್ತು. ಯಂತ್ರ, ಸಿಟ್ರೇಟ್, ಸ್ಯಾಂಪಲ್ ಎಲ್ಲವನ್ನೂ ತಡಕಾಡಿದ ಮೇಲೆ ನೋಡಿದರೆ, ಸ್ಟ್ಯಾಂಡನ್ನು ಯಾರೋ ಮುಚ್ಚಲು ಬಾರದ ಕಿಟಕಿಯ ಪಕ್ಕಕ್ಕೆ ಸರಿಸಿದ್ದರು, ಗೋಡೆಯ ಥರ್ಮಾಮೀಟರ್ 15 ತೋರಿಸುತ್ತಿತ್ತು. ದೂರದ ಎಸ್ಟೇಟಿನಿಂದ ಮಧ್ಯಾಹ್ನದ ಬಸ್ಸಿನಲ್ಲಿ ಬಂದ ಸ್ಯಾಂಪಲ್ಲಿನ ಕಥೆಯೂ ಇಂಥದೇ: ನಾಲ್ಕು ಗಂಟೆ ಮೀರಿ ಹೊರಗಿದ್ದ ರಕ್ತದಲ್ಲಿ ಕಣಗಳು ಗುಂಡಗಾಗಿ ಪೇರಿಸಿಕೊಳ್ಳುವುದನ್ನು ಮರೆಯುತ್ತವೆ. ಕೊಳವೆ ಮೂರು ಡಿಗ್ರಿ ವಾಲಿದರೆ ಇದಕ್ಕೆ ತದ್ವಿರುದ್ಧವಾಗಿ ಅಂಕಿ ಶೇಕಡ 30ರವರೆಗೆ ಏರುವುದುಂಟು. ಮುಂದಿನ ಸಲ ಪರೀಕ್ಷೆಗೆ ತಾಯಿಯನ್ನು ಬೆಳಿಗ್ಗೆಯೇ ಲ್ಯಾಬಿಗೆ ಕರೆದುಕೊಂಡು ಹೋಗಿ ಅಲ್ಲೇ ರಕ್ತ ಕೊಡಿಸಿ, ಸಾಧ್ಯವಾದರೆ ಹಿಂದಿನ ಎರಡು ರಿಪೋರ್ಟ್ ಬಂದ ಲ್ಯಾಬಿನಲ್ಲೇ.